ಪರದೆಯ ಮೇಲೆ ‘ಲಾಸ್‌ಲೆಸ್’, ಕಿವಿಗೆ ಬರುವುದು ಯಾವುದು?

ಸಮೇತನಹಳ್ಳಿಯಿಂದ ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವ ಹುಡುಗರ ಕಿವಿಯಲ್ಲಿ ವೈರಿಲ್ಲದ ಇಯರ್‌ಬಡ್, ಫೋನಿನ ಪರದೆಯಲ್ಲಿ ‘ಲಾಸ್‌ಲೆಸ್’ ಎಂಬ ಮುದ್ರೆ. ದಿನದ ಡೇಟಾ ಮಾತ್ರ ಬೇಗ ಖಾಲಿ. 4 ನಿಮಿಷದ ಹಾಡು 256 ಕೆಬಿಪಿಎಸ್‌ನಲ್ಲಾದರೆ 8 ಎಂಬಿ, ಲಾಸ್‌ಲೆಸ್ ಆದರೆ ಸುಮಾರು 25ರಿಂದ 30 ಎಂಬಿ ನುಂಗುತ್ತದೆ.

ಆ ಮುದ್ರೆ ಹೇಳುವುದು ಹಾಡು ಫೋನಿನವರೆಗೆ ಹೇಗೆ ಬಂತು ಎಂಬುದನ್ನಷ್ಟೆ. ಅಲ್ಲಿಂದ ಕಿವಿಗೆ ಬ್ಲೂಟೂತ್ ದಾರಿ ಕಿರಿದು, ಹಾಗಾಗಿ ಫೋನು ಅದನ್ನು ಮತ್ತೆ ಹಿಂಡಿ ಕಳಿಸುತ್ತದೆ. ಬ್ಲೂಟೂತ್ ಮೂಲಕ ಕೇಳಿದರೆ ಲಾಸ್‌ಲೆಸ್ ಸಿಗುವುದಿಲ್ಲ ಎಂದು 2021ರಲ್ಲಿ ಈ ಸೌಲಭ್ಯ ತಂದ ಆ್ಯಪಲ್ ಸಂಸ್ಥೆಯೇ ತಿಳಿಸಿತ್ತು.

ಆಂಡ್ರಾಯ್ಡ್ ಫೋನಿನಲ್ಲಿ ಡೆವಲಪರ್ ಆಯ್ಕೆಗಳನ್ನು ತೆರೆದು, ಬಡ್ ಜೋಡಿಸಿ, Bluetooth audio codec ನೋಡಿ. SBC ಅಥವಾ AAC ಇದ್ದರೆ ಲಾಸ್‌ಲೆಸ್ ಮಾತು ಅಲ್ಲಿಗೇ ಮುಗಿಯಿತು. LDAC ಇದ್ದರೆ ಹೆಚ್ಚೆಂದರೆ 990 ಕೆಬಿಪಿಎಸ್. ಸಿಗ್ನಲ್ ಗೊಂದಲವಿರುವ ಕಡೆ ಅದು 330ಕ್ಕೂ ಇಳಿಯಬಹುದು. ಸಿಡಿ ಗುಣಮಟ್ಟವೇ, ಹಿಂಡುವ ಮೊದಲು, 1,411.

ಇನ್ನು ಪರೀಕ್ಷೆ. ವೈರಿನ ಇಯರ್‌ಫೋನ್ ಹಾಕಿ, ಒಂದೇ ಹಾಡನ್ನು 256ರಲ್ಲೂ ಲಾಸ್‌ಲೆಸ್‌ನಲ್ಲೂ ಕೇಳಿ. ಎಲ್ಲರೂ ಎಡವುವುದು ಇಲ್ಲೇ. ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಒಂದು ಡೆಸಿಬೆಲ್ ಹೆಚ್ಚಿದ್ದರೂ ನಾವದನ್ನು ‘ಜೋರು’ ಅನ್ನುವುದಿಲ್ಲ, ‘ಸ್ಪಷ್ಟ’ ಅನ್ನುತ್ತೇವೆ. ನಾನೂ ಹೀಗೆಯೇ ಮೋಸಹೋಗಿ ಗೆಳೆಯರ ಮುಂದೆ ಭಾಷಣ ಬಿಗಿದಿದ್ದೆ. ಎರಡು ಬೇರೆ ಆ್ಯಪ್‌ಗಳನ್ನು ಹೋಲಿಸಬೇಡಿ, ಧ್ವನಿಮಟ್ಟವೂ ಬೇರೆ, ಕೆಲವೊಮ್ಮೆ ಮಾಸ್ಟರೂ ಬೇರೆ. ಒಂದೇ ಆ್ಯಪ್‌ನಲ್ಲಿ ಗುಣಮಟ್ಟವನ್ನಷ್ಟೇ ಬದಲಿಸಿ, ವಾಲ್ಯೂಮ್ ಗುಂಡಿ ಮುಟ್ಟಬೇಡಿ. ಬದಲಿಸುವ ಕೆಲಸ ಮನೆಯವರಿಗೆ ಕೊಡಿ, ನಾಣ್ಯ ಚಿಮ್ಮಿ ಯಾವುದೆಂದು ಅವರೇ ತೀರ್ಮಾನಿಸಲಿ. ಪ್ರತಿ ಸಲವೂ ಹಾಡನ್ನು ಮೊದಲಿನಿಂದ ಹಾಕಲಿ, ಪರದೆ ನಿಮಗೆ ಕಾಣದಿರಲಿ. 16 ಸಲ ಊಹಿಸಿ. 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ನಿಮಗೆ ವ್ಯತ್ಯಾಸ ಕೇಳುತ್ತಿರಬಹುದು. ಬರೀ ಅದೃಷ್ಟದಿಂದ ಅಷ್ಟು ಸರಿಯಾಗುವ ಸಂಭವ ನೂರಕ್ಕೆ ನಾಲ್ಕರಷ್ಟು. 8–9 ಬಂದರೆ ಊಹೆಯಷ್ಟೆ.

ಹೈ-ರೆಸ್ ಬಗ್ಗೆ ಎರಡೇ ಮಾತು. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾದಂತೆ ಇನ್ನೂ ಕಡಿಮೆ, ಸಿಡಿಯ 44.1ರ ದರಕ್ಕೇ ಅದು ದಕ್ಕುತ್ತದೆ. 1972ರ ‘ಬಂಗಾರದ ಮನುಷ್ಯ’ದಂಥ ಹಳೆಯ ಚಿತ್ರದ ಹಾಡಿನ ಟೇಪಿನಲ್ಲಿ ಇಲ್ಲದ್ದನ್ನು 192 ಕಿಲೋಹರ್ಟ್ಸ್ ತಂದುಕೊಡಲಾರದು.

ಬಸ್ಸಿನ ಇಂಜಿನ್ ಸದ್ದಿನಲ್ಲಿ ಈ ವ್ಯತ್ಯಾಸ ಯಾವುದೂ ಕೇಳಿಸದು. ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ತುದಿ ಹಾಕಿಕೊಂಡರೆ ಅದರ ಲಾಭ ತಕ್ಷಣ ಗೊತ್ತಾಗುತ್ತದೆ. ಆ್ಯಪಿನ ಸೆಟ್ಟಿಂಗ್‌ನಲ್ಲಿ ಮೊಬೈಲ್ ಡೇಟಾಗೆ 256 ಅಥವಾ 320 ಇಡಿ. ಲಾಸ್‌ಲೆಸ್ ಬೇಕೇ ಬೇಕೆಂದರೆ ಮನೆಯ ವೈಫೈಗೂ ವೈರಿನ ಇಯರ್‌ಫೋನಿಗೂ ಮೀಸಲಿಡಿ.