ಹಿತ್ತಲ ನುಗ್ಗೆಯ ಕಂಬಳಿಹುಳು

ಮದಲೂರು, ಶಿರಾ, ಮಧುಗಿರಿ ಸೀಮೆಯ ಹಿತ್ತಲುಗಳಿಗೆ ನುಗ್ಗೆಮರ ಹೊಸದಲ್ಲ. ಮಳೆ ಬಿದ್ದ ಮೇಲೆ ಅದರ ಎಲೆಗಳು ಬರಿದಾಗುತ್ತ ಬಂದರೆ ಹಗಲಿನಲ್ಲಿ ಕಾಂಡವನ್ನು ನೋಡಬೇಕು. ರೆಂಬೆಗಳಲ್ಲಿ ಮೇಯ್ದಿಳಿದ ಕಂಬಳಿಹುಳುಗಳು ಅಲ್ಲಿ ಒತ್ತೊತ್ತಾಗಿ ಗುಂಪುಗೂಡಿರುತ್ತವೆ.

ಇವನ್ನು ದೊಂದಿಯಿಂದ ಸುಡುವುದು ಹಳೆಯ ರೂಢಿ. ಹುಳು ಸಾಯುವುದೇನೋ ನಿಜ. ಆದರೆ ತುರಿಕೆಗೆ ಕಾರಣ ಹುಳುವಿನ ಕಡಿತವಲ್ಲ, ಅದರ ಮೈಯಿಂದ ಕಳಚುವ ಸೂಕ್ಷ್ಮ ರೋಮಗಳು. ಸತ್ತ ಹುಳುವಿನಲ್ಲಿಯೂ ಬಿಟ್ಟ ಪೊರೆಯಲ್ಲಿಯೂ ಅವು ಉಳಿದಿರುತ್ತವೆ. ಸುಡುವಾಗ, ಒಣಗಿದ್ದನ್ನು ಗುಡಿಸುವಾಗ ಗಾಳಿಯಲ್ಲಿ ತೇಲಿ, ಹಗ್ಗದ ಮೇಲಿನ ಬಟ್ಟೆಗೂ ಅಂಟುತ್ತವೆ. ಮರದ ಬಳಿ ಸುಳಿಯದ ಮಗುವಿನ ಕೊರಳಲ್ಲಿ ದದ್ದು ಏಳುವುದು ಹೀಗೆಯೇ.

ಆದಕಾರಣ ನೆನೆಸಿ ತೆಗೆಯುವುದೇ ಲೇಸು. ಒಣಹಾಕಿದ ಬಟ್ಟೆಗಳನ್ನು ಮೊದಲು ಒಳಗಿಡಬೇಕು. ತುಂಬುತೋಳಿನ ಅಂಗಿ, ಕೈಚೀಲ, ಕನ್ನಡಕ ಧರಿಸಿ, ಮೂಗು, ಬಾಯಿ, ಕೊರಳಿಗೆ ವಸ್ತ್ರ ಸುತ್ತಿ, ಗಾಳಿ ಬೆನ್ನಿಗೆ ಬೀಸುವಂತೆ ನಿಂತು, ಗುಂಪಿನ ಮೇಲೆ ಸಾಬೂನಿನ ನೀರನ್ನು ಮೆಲ್ಲನೆ ಚಿಮುಕಿಸಬೇಕು. ರಭಸದ ಧಾರೆ ಹುಳುಗಳನ್ನು ಚದುರಿಸುತ್ತದೆ. ತೊಯ್ದ ಹುಳುಗಳನ್ನು ಉದ್ದ ಹಿಡಿಯ ಪೊರಕೆಯಿಂದ ಸಾಬೂನು ನೀರಿನ ಬಕೆಟ್ಟಿಗೆ ಕೆಡವಿ, ಸತ್ತ ಬಳಿಕ ಹೂಳಬೇಕು. ಎತ್ತರದ ರೆಂಬೆಗಳ ಹುಳುಗಳಿಗೆ ಈ ಉಪಾಯ ನಿಲುಕದು. ಅವು ಕಾಂಡಕ್ಕಿಳಿಯುವ ತನಕ ಕಾಯಬೇಕು.

ರೋಮ ತಗುಲಿದರೆ ಉಜ್ಜಬಾರದು, ಉಜ್ಜಿದಷ್ಟೂ ಒಳಗಿಳಿಯುತ್ತದೆ. ಅಂಟುಪಟ್ಟಿಯನ್ನು ಒತ್ತಿ ಕಿತ್ತರೆ ರೋಮಗಳು ಅದಕ್ಕೆ ಹತ್ತಿ ಬರುತ್ತವೆ. ಪ್ರತಿಸಲವೂ ಹೊಸ ಪಟ್ಟಿ ಬೇಕು. ಅನಂತರ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಣ್ಣೀರ ಬಟ್ಟೆಯನ್ನಾಗಲಿ ಕ್ಯಾಲಮೈನ್ ದ್ರವವನ್ನಾಗಲಿ ಹಚ್ಚಬಹುದು. ತೊಟ್ಟ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಬೇಕು. ದದ್ದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕಣ್ಣಿಗೆ ರೋಮ ಬಿದ್ದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.