ಕ್ಷಯರೋಗ ಚಿಕಿತ್ಸಾ ಕಾರ್ಡಿನಿಂದ ಸ್ಪ್ರೆಡ್‌ಶೀಟಿಗೆ: ಡೋಸ್ ಮತ್ತು ಕಫ ಪರೀಕ್ಷೆಯ ಲೆಕ್ಕವನ್ನು ಓದುವ ಬಗೆ



ಕ್ಷಯಮುಕ್ತ ಪಂಚಾಯಿತಿ ಎಂಬ ಮನ್ನಣೆಗೆ ನಿಗದಿಪಡಿಸಿರುವ ಮಾನದಂಡಗಳಲ್ಲಿ, ಚಿಕಿತ್ಸೆ ಯಶಸ್ವಿಯಾದವರ ಪ್ರಮಾಣ ಕನಿಷ್ಠ ಶೇ. 85 ಇರಬೇಕೆಂಬುದೂ ಒಂದು. ಒಂದು ಪಂಚಾಯಿತಿಯಲ್ಲಿ ಆರು ಮಂದಿ ರೋಗಿಗಳಿದ್ದು, ಅವರಲ್ಲಿ ಒಬ್ಬರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಪ್ರಮಾಣ ಶೇ. 83ಕ್ಕೆ ಇಳಿಯುತ್ತದೆ. ಆ ಒಬ್ಬರು ಬಿಟ್ಟ ಸಂಗತಿ ವರ್ಷಾಂತ್ಯದ ವರದಿಯಲ್ಲಿ ತಿಳಿದುಬಂದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಬಿಟ್ಟ ವಾರದಲ್ಲಿಯೇ ತಿಳಿದರೆ ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ವಿಚಾರಿಸಬಹುದು. ಹಾಗೆ ತಿಳಿಯಬೇಕಾದರೆ ಆರೋಗ್ಯ ಕೇಂದ್ರದ ಕಾರ್ಡುಗಳಲ್ಲಿರುವ ಗುರುತುಗಳು ಎಣಿಸಲು ಬರುವ ರೂಪಕ್ಕೆ ಬರಬೇಕು. ಆ ಕೆಲಸವನ್ನು ಮಾಡುವವರು ಆರೋಗ್ಯ ಸಿಬ್ಬಂದಿ. ಸದಸ್ಯರು ತಿಳಿದಿರಬೇಕಾದದ್ದು ಆ ಲೆಕ್ಕ ಹೇಗೆ ಹುಟ್ಟುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು. ಅಧಿಕೃತ ದಾಖಲೆ ನಿಕ್ಷಯ್ ತಂತ್ರಾಂಶವೇ ಆಗಿದ್ದು, ಇಲ್ಲಿ ವಿವರಿಸುವ ಹಾಳೆಯು ಕಾರ್ಡು, ಪ್ರಯೋಗಾಲಯದ ವಹಿ ಮತ್ತು ನಿಕ್ಷಯ್ ಇವು ಮೂರನ್ನೂ ತಾಳೆ ನೋಡುವ ಸಾಧನ ಮಾತ್ರ.

ಔಷಧಗಳಿಗೆ ಮಣಿಯುವ ಸಾಮಾನ್ಯ ಕ್ಷಯರೋಗಕ್ಕೆ ಪ್ರತಿದಿನ ಒಂದರಂತೆ ಒಟ್ಟು 168 ಡೋಸ್‌ಗಳು. ಮೊದಲ 56 ತೀವ್ರ ಹಂತಕ್ಕೂ ನಂತರದ 112 ಮುಂದುವರಿಕೆ ಹಂತಕ್ಕೂ ಸೇರುತ್ತವೆ. ಒಂದು ದಿನಕ್ಕೆ ಎಷ್ಟು ಮಾತ್ರೆ ಎಂಬುದು ರೋಗಿಯ ತೂಕವನ್ನು ಅವಲಂಬಿಸಿದೆ: 35ರಿಂದ 49 ಕಿಲೋ ತೂಕದವರಿಗೆ ಮೂರು, 50ರಿಂದ 64 ಕಿಲೋ ತೂಕದವರಿಗೆ ನಾಲ್ಕು. ಮಾತ್ರೆ ಮೂರಾಗಲಿ ನಾಲ್ಕಾಗಲಿ, ಆ ದಿನದವು ಎಲ್ಲ ಸೇರಿ ಒಂದೇ ಡೋಸ್. ಇದನ್ನು ಮರೆತು ಮಾತ್ರೆಗಳನ್ನೇ ಡೋಸ್ ಎಂದು ಎಣಿಸಿದರೆ ಲೆಕ್ಕ ಮೂರು ನಾಲ್ಕು ಪಟ್ಟು ಉಬ್ಬುತ್ತದೆ.

ಕಾಗದದ ಚಿಕಿತ್ಸಾ ಕಾರ್ಡಿನಲ್ಲಿ ತಿಂಗಳಿಗೊಂದು ಸಾಲು, ಸಾಲಿಗೆ 31 ಚೌಕಗಳು ಇರುತ್ತವೆ. ಹಾಳೆಯನ್ನೂ ಅದೇ ರೂಪದಲ್ಲಿ ರಚಿಸುವುದು ಲೇಸು. ಪ್ರತಿ ದಿನಕ್ಕೊಂದು ಸಾಲು ಮಾಡುವ ಪದ್ಧತಿ ಗಣಕಯಂತ್ರಕ್ಕೆ ಅನುಕೂಲವಾದರೂ, ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ತಾಳೆ ನೋಡುವವರಿಗೆ ಅದು ಹಿಂಸೆ. ಆದುದರಿಂದ Doses ಎಂಬ ಹಾಳೆಯಲ್ಲಿ A ಕಾಲಂನಲ್ಲಿ ರೋಗಿಯ ಸಂಖ್ಯೆ, Bಯಲ್ಲಿ ತಿಂಗಳು, Cಯಲ್ಲಿ ಹಂತ, Dಯಲ್ಲಿ ಗುರುತು ಹಾಕಿದವರ ಹುದ್ದೆ, ಅನಂತರ Eಯಿಂದ AIವರೆಗೆ 31 ದಿನಗಳು. ತೀವ್ರ ಹಂತವನ್ನು IP ಎಂದೂ ಮುಂದುವರಿಕೆ ಹಂತವನ್ನು CP ಎಂದೂ ನಮೂದಿಸುತ್ತಾರೆ. ಹಂತ ಬದಲಾಗುವ ತಿಂಗಳಿಗೆ ಎರಡು ಸಾಲು ಬೇಕು. ಇಲ್ಲವಾದರೆ 56 ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ.

ಚೌಕದಲ್ಲಿ ಏನು ಬರೆಯಬೇಕೆಂಬುದೇ ಇಡೀ ಕೆಲಸದ ತಿರುಳು. ಕಾರ್ಡಿನ ಮೇಲೆ ಸರಿ ಗುರುತು, ಅಡ್ಡಗೆರೆ, ಸೊನ್ನೆ ಮುಂತಾದವು ಕಾಣುತ್ತವೆ. ಅವುಗಳ ಅರ್ಥವನ್ನು ಗುರುತು ಹಾಕಿದವರಿಂದಲೇ ಕೇಳಿ ಖಚಿತಪಡಿಸಿಕೊಂಡ ಬಳಿಕ ಹಾಳೆಗೆ ಇಳಿಸಬೇಕು. ಹಾಳೆಯಲ್ಲಿ 1 ಎಂದರೆ ಮೇಲ್ವಿಚಾರಕರ ಎದುರಿನಲ್ಲಿ ಸೇವಿಸಿದ್ದು, 2 ಎಂದರೆ ತಾವೇ ಸೇವಿಸಿದ್ದಾಗಿ ರೋಗಿ ತಿಳಿಸಿದ್ದು, 0 ಎಂದರೆ ತಪ್ಪಿದ್ದು. ಚಿಕಿತ್ಸೆ ಆರಂಭವಾಗುವ ಮುಂಚಿನ ಹಾಗೂ ಮುಗಿದ ನಂತರದ ದಿನಗಳಿಗೂ, ಎರಡು ಸಾಲುಗಳಿರುವ ತಿಂಗಳಲ್ಲಿ ಆ ಸಾಲಿನ ಹಂತಕ್ಕೆ ಸೇರದ ದಿನಗಳಿಗೂ, ಫೆಬ್ರುವರಿ 30ರಂತಹ ಇಲ್ಲದ ದಿನಗಳಿಗೂ X. ಕಾರ್ಡಿನಲ್ಲಿ ಯಾವ ಗುರುತೂ ಇಲ್ಲದಿದ್ದರೆ ಹಾಳೆಯಲ್ಲಿಯೂ ಚೌಕವು ಖಾಲಿಯಾಗಿಯೇ ಇರತಕ್ಕದ್ದು. ಖಾಲಿ ಎಂದರೆ ಸೇವಿಸಿದ್ದೂ ಅಲ್ಲ, ತಪ್ಪಿದ್ದೂ ಅಲ್ಲ; ನಮಗೆ ತಿಳಿಯದು ಎಂದಷ್ಟೇ ಅರ್ಥ. ಹಾಳೆ ಅಂದವಾಗಿ ಕಾಣಲೆಂದು ಖಾಲಿ ಚೌಕಗಳಿಗೆ 1 ತುಂಬುವ ಅಭ್ಯಾಸವು ಉಳಿದೆಲ್ಲ ತಪ್ಪುಗಳಿಗಿಂತ ಹೆಚ್ಚು ಹಾನಿಕರ, ಏಕೆಂದರೆ ಅದನ್ನು ಆಮೇಲೆ ಪತ್ತೆಹಚ್ಚಲು ದಾರಿಯೇ ಇರುವುದಿಲ್ಲ.

ಸೇವಿಸಿದ, ತಪ್ಪಿದ ಹಾಗೂ ಖಾಲಿ ಚೌಕಗಳ ಎಣಿಕೆಗೆ ಈ ಮೂರು ಸೂತ್ರಗಳು AJ, AK ಮತ್ತು AL ಕಾಲಂಗಳಲ್ಲಿ ಕ್ರಮವಾಗಿ ಬರುತ್ತವೆ. ನಾಲ್ಕನೆಯದು ರೋಗಿಗಳ ಮುಖ್ಯ ಹಾಳೆಯಲ್ಲಿ ಆ ರೋಗಿಯ ತೀವ್ರ ಹಂತದ ಮೊತ್ತವನ್ನು ತೋರಿಸುತ್ತದೆ.

```
=COUNTIF(E2:AI2,1)+COUNTIF(E2:AI2,2)
=COUNTIF(E2:AI2,0)
=COUNTBLANK(E2:AI2)
=SUMIFS(Doses!AJ:AJ,Doses!A:A,A2,Doses!C:C,"IP")
```

ಅಂಕಿಗಳನ್ನು ಕನ್ನಡ ಅಂಕಿಗಳಲ್ಲಿ ಬೆರಳಚ್ಚಿಸಿದರೆ ಹಾಳೆ ಅವನ್ನು ಸಾಮಾನ್ಯವಾಗಿ ಅಕ್ಷರವೆಂದೇ ತಿಳಿದು ಎಣಿಕೆಯಿಂದ ಬಿಟ್ಟುಬಿಡುತ್ತದೆ. ವಹಿಯಲ್ಲಿ ಕನ್ನಡ ಅಂಕಿ ಇರುವುದು ಸಂತೋಷದ ಸಂಗತಿಯೇ. ಹಾಳೆಗೆ ಮಾತ್ರ 0, 1, 2 ಎಂದೇ ಇಳಿಸಬೇಕು.

ಇದೀಗ ಒಂದು ಉದಾಹರಣೆ. ಕೆಳಗಿನ ರೋಗಿ ಕಲ್ಪಿತರು. ದಿನಾಂಕದ ಲೆಕ್ಕ ಮಾತ್ರ ನಿಜವಾದದ್ದು. ಬಾದಾಮಿ ತಾಲ್ಲೂಕಿನ 46 ಕಿಲೋ ತೂಕದ ಒಬ್ಬರು 2025ರ ಜನವರಿ 6ರಂದು ಚಿಕಿತ್ಸೆ ಆರಂಭಿಸಿದರು. ಆರಂಭದ ಕಫ ಪರೀಕ್ಷೆಯ ಫಲಿತಾಂಶ 2+. ಆ ವರ್ಷ ಬನದ ಹುಣ್ಣಿಮೆ ಜನವರಿ 13ರಂದು ಬಂದಿತ್ತು. ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕಿದ್ದ ಇವರು 13ರಿಂದ 17ರವರೆಗೆ ಐದು ದಿನ ಮಾತ್ರೆ ತೆಗೆದುಕೊಳ್ಳಲಿಲ್ಲ. ಜನವರಿಯ 26 ದಿನಗಳಲ್ಲಿ ಸೇವಿಸಿದ್ದು 21. ಫೆಬ್ರುವರಿಯ 28 ಚೌಕಗಳಲ್ಲಿ 25ರಲ್ಲಿ ಗುರುತಿದೆ, ಮೂರು ಖಾಲಿ. ಹೀಗೆ ಫೆಬ್ರುವರಿ ಅಂತ್ಯಕ್ಕೆ 46 ಡೋಸ್‌ಗಳು ಖಚಿತ.

ಆ ಮೂರು ಖಾಲಿ ಚೌಕಗಳು ಏನೆಂದು ತಿಳಿಯಲು ಮಾತ್ರೆಗಳನ್ನು ಎಣಿಸಬಹುದು. ದಿನಕ್ಕೆ ಮೂರರಂತೆ 56 ದಿನಗಳಿಗೆ ಕೊಟ್ಟದ್ದು 168 ಮಾತ್ರೆ. 46 ಡೋಸ್ ಮಾತ್ರ ಸೇವಿಸಿದ್ದರೆ 138 ಖರ್ಚಾಗಿ ಮನೆಯಲ್ಲಿ 30 ಉಳಿದಿರಬೇಕು. ಖಾಲಿ ದಿನಗಳಲ್ಲಿಯೂ ಸೇವಿಸಿದ್ದರೆ 21 ಉಳಿದಿರಬೇಕು. ಫೆಬ್ರುವರಿ 28ರ ಸಂಜೆ ಆಶಾ ಕಾರ್ಯಕರ್ತೆ ಹೋಗಿ ಎಣಿಸಿದಾಗ 30 ದೊರೆತವು. ಈಗ ಮಾತ್ರ ಆ ಮೂರು ಚೌಕಗಳಿಗೆ 0 ಬರೆಯಬಹುದು. ತಪ್ಪಿದ್ದು ಒಟ್ಟು ಎಂಟು ಡೋಸ್.

ಈ ಎಂಟು ಡೋಸ್ ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ. ಕ್ಯಾಲೆಂಡರಿನ ಪ್ರಕಾರ 56ನೆಯ ದಿನ ಮಾರ್ಚ್ 2. ಅದನ್ನೇ ನಂಬಿ ಮಾರ್ಚ್ 3ರ ಬೆಳಿಗ್ಗೆ ಕಫದ ಮಾದರಿ ಪಡೆದು, ಅದೇ ದಿನ ಮುಂದುವರಿಕೆ ಹಂತದ ಮಾತ್ರೆ ಕೊಟ್ಟರೆ, ರೋಗಿಯು ವಾಸ್ತವದಲ್ಲಿ 48 ಡೋಸ್ ಮಾತ್ರ ಮುಗಿಸಿರುತ್ತಾರೆ. ಹಾಳೆಯ ಮೊತ್ತದ ಪ್ರಕಾರ, ಮಾರ್ಚ್‌ನಲ್ಲಿ ಒಂದು ದಿನವೂ ತಪ್ಪದಿದ್ದರೆ 56ನೆಯ ಡೋಸ್ ಮುಗಿಯುವುದು ಮಾರ್ಚ್ 10ಕ್ಕೆ. ಅಂತೆಯೇ 168ನೆಯದು ಜೂನ್ 22ಕ್ಕಲ್ಲ, ಜೂನ್ 30ಕ್ಕೆ. ಜೂನ್ 22ರಂದೇ "ಆರು ತಿಂಗಳಾಯಿತು" ಎಂದು ಕಾರ್ಡು ಮುಚ್ಚಿದರೆ ಎಂಟು ಡೋಸ್ ಬಾಕಿ ಉಳಿಯುತ್ತವೆ. ಆರಂಭದ ದಿನಾಂಕಕ್ಕೆ ಆರು ತಿಂಗಳು ಕೂಡಿಸಿ ಮುಕ್ತಾಯದ ದಿನಾಂಕ ತೋರಿಸುವ ಸೂತ್ರವನ್ನು ಹಾಳೆಯಲ್ಲಿ ಇಡಲೇಬಾರದು ಎಂಬುದು ಈ ಲೇಖಕರ ಖಚಿತ ಅಭಿಪ್ರಾಯ.

ಕಫ ಪರೀಕ್ಷೆಗೆ ಪ್ರತ್ಯೇಕ ಹಾಳೆ ಬೇಕು, ಒಂದು ಪರೀಕ್ಷೆಗೆ ಒಂದು ಸಾಲಿನಂತೆ: ರೋಗಿಯ ಸಂಖ್ಯೆ, ಮಾದರಿ ಕೊಟ್ಟ ದಿನಾಂಕ, ಪ್ರಯೋಗಾಲಯದ ವಹಿಯ ಕ್ರಮಸಂಖ್ಯೆ, ಅಂದಿಗೆ ಮುಗಿದಿದ್ದ ಡೋಸ್‌ಗಳು, ಫಲಿತಾಂಶ. ಸೂಕ್ಷ್ಮದರ್ಶಕದಲ್ಲಿ ಕ್ರಿಮಿಗಳು ಕಂಡ ಪ್ರಮಾಣವನ್ನು 3+, 2+, 1+ ಎಂದೂ, ನೂರು ನೋಟಗಳಲ್ಲಿ ಒಂದರಿಂದ ಒಂಬತ್ತರವರೆಗೆ ಕಂಡರೆ ವಿರಳ ಎಂದು Sc ಜೊತೆಗೆ ಕಂಡ ಸಂಖ್ಯೆಯನ್ನೂ, ಏನೂ ಕಾಣದಿದ್ದರೆ Neg ಎಂದೂ ಬರೆಯುತ್ತಾರೆ. 1+ ಬದಲಿಗೆ +1 ಎಂದು ಬೆರಳಚ್ಚಿಸಿದರೆ ಹಾಳೆ ಅದನ್ನು ಬರಿಯ 1 ಮಾಡಿಬಿಡುತ್ತದೆ. ಆದ್ದರಿಂದ ಆ ಕಾಲಂ ಅನ್ನು ಮೊದಲೇ ಅಕ್ಷರರೂಪಕ್ಕೆ ನಿಗದಿಪಡಿಸಬೇಕು. ದಿನಾಂಕಗಳಲ್ಲಿಯೂ ಇಂತಹುದೇ ತೊಡಕು: 03/04/2025 ಎಂಬುದು ಏಪ್ರಿಲ್ 3 ಎಂದೂ ಮಾರ್ಚ್ 4 ಎಂದೂ ಓದಲ್ಪಡಬಹುದು. 2025-04-03 ಎಂದು ಬರೆದರೆ ಸಂಶಯವಿರುವುದಿಲ್ಲ.

ಪರೀಕ್ಷೆ ನಡೆಯದಿದ್ದರೆ ND ಎಂದು ಸ್ಪಷ್ಟವಾಗಿ ನಮೂದಿಸಬೇಕು; ಅದನ್ನು Neg ಎಂದು ಬರೆಯುವುದು ಸುಳ್ಳು ದಾಖಲೆಯೇ ಸರಿ. ನಮ್ಮ ಉದಾಹರಣೆಯ ರೋಗಿಗೆ ಮಾರ್ಚ್ 3ರ ಮಾದರಿಯಲ್ಲಿ Sc 4 ಬಂದಿತೆಂದಿಟ್ಟುಕೊಳ್ಳೋಣ. ಪಕ್ಕದ ಚೌಕದಲ್ಲಿ 48 ಎಂದಿರುವುದರಿಂದ, ಹಂತ ಮುಗಿಯುವ ಮೊದಲೇ ಮಾದರಿ ಪಡೆಯಲಾಗಿದೆ ಎಂದು ವೈದ್ಯಾಧಿಕಾರಿಗೆ ತಕ್ಷಣ ತಿಳಿಯುತ್ತದೆ. ಹಂತದ ಕೊನೆಯಲ್ಲಿಯೂ ಕ್ರಿಮಿಗಳು ಕಂಡರೆ ಔಷಧ ನಿರೋಧಕತೆಯ ಪರೀಕ್ಷೆ ಆಗಬೇಕು. ನಿರ್ಣಯ ವೈದ್ಯರದು, ಹಾಳೆಯದಲ್ಲ. ರೋಗಪತ್ತೆಗೆ ಬಳಸುವ ನ್ಯಾಟ್ ಪರೀಕ್ಷೆಯ ಫಲಿತಾಂಶವನ್ನು ಈ ಕಾಲಂನಲ್ಲಿ ಬೆರೆಸಬಾರದು. ಸತ್ತ ಕ್ರಿಮಿಗಳ ಅಂಶವನ್ನೂ ಅದು ಗುರುತಿಸುವುದರಿಂದ ಚಿಕಿತ್ಸೆಯ ಪ್ರಗತಿಯನ್ನು ಅಳೆಯಲು ಅದು ಒದಗುವುದಿಲ್ಲ.

ಕೊನೆಯ ಕಫ ಪರೀಕ್ಷೆಯ ಮೇಲೆ ಫಲಿತಾಂಶದ ಹೆಸರೇ ನಿಂತಿದೆ. ಆರಂಭದಲ್ಲಿ ಕ್ರಿಮಿಗಳು ದೃಢಪಟ್ಟು ಕೊನೆಯಲ್ಲಿ ಕಾಣದಿದ್ದರೆ "ಗುಣಮುಖ"; ಡೋಸ್‌ಗಳೆಲ್ಲ ಮುಗಿದು ವಿಫಲತೆಯ ಕುರುಹಿಲ್ಲದಿದ್ದರೂ ಕೊನೆಯ ಪರೀಕ್ಷೆ ನಡೆಯದಿದ್ದರೆ "ಚಿಕಿತ್ಸೆ ಪೂರ್ಣ". ಎರಡೂ ಯಶಸ್ಸಿನ ಲೆಕ್ಕಕ್ಕೆ ಸೇರುತ್ತವೆ. ಆದಕಾರಣವೇ ಎರಡನೆಯ ಗುಂಪು ದೊಡ್ಡದಾಗಿರುವ ಊರಿನಲ್ಲಿ ಶೇ. 85 ಎಂಬ ಸಂಖ್ಯೆಯನ್ನು ಕಂಡು ನಿಶ್ಚಿಂತರಾಗಲಾಗದು. ಸತತ ಒಂದು ತಿಂಗಳು ಅಥವಾ ಹೆಚ್ಚು ಕಾಲ ಚಿಕಿತ್ಸೆ ನಿಂತರೆ ಅಂತಹವರು "ಸಂಪರ್ಕ ತಪ್ಪಿದವರು".

ಹುನಗುಂದ ಮತ್ತು ಇಳಕಲ್ ಭಾಗದ ಸದಸ್ಯರಿಗೆ ಇನ್ನೊಂದು ವಿಷಯ. ಇಳಕಲ್ ಪ್ರತ್ಯೇಕ ತಾಲ್ಲೂಕಾಗುವ ಮುಂಚಿನ ವಹಿಗಳಲ್ಲಿ ಅಲ್ಲಿನ ಊರುಗಳು ಹುನಗುಂದದ ಹೆಸರಿನಡಿ ಇವೆ. ಹಳೆಯ ವಹಿಯಿಂದ ತಾಲ್ಲೂಕಿನ ಹೆಸರನ್ನು ಹಾಗೆಯೇ ಇಳಿಸಿದರೆ ಒಂದೇ ಗ್ರಾಮ ಎರಡು ಕಡೆ ಹಂಚಿಹೋಗುತ್ತದೆ. ಗ್ರಾಮ ಪಂಚಾಯಿತಿಯ ಎಲ್‌ಜಿಡಿ ಸಂಕೇತ ಬಳಸಿದರೆ ಈ ಗೊಂದಲವಿಲ್ಲ. ಇಳಕಲ್ಲಿನ ಗ್ರಾನೈಟ್ ಗಣಿಗಳಂತಹ ಕಡೆ ಕಲ್ಲಿನ ದೂಳನ್ನು ದೀರ್ಘಕಾಲ ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು, ಅಂತಹವರಲ್ಲಿ ಕ್ಷಯದ ಅಪಾಯವೂ ಹೆಚ್ಚು. ಆದುದರಿಂದ ವೃತ್ತಿಯ ಕಾಲಂ ಒಂದನ್ನು ಇಡುವುದು ಉಪಯುಕ್ತ. ದುಡಿಯಲು ಬೇರೆ ಜಿಲ್ಲೆಗೋ ಗೋವೆಗೋ ಹೋದ ರೋಗಿಯನ್ನು ಅಲ್ಲಿ ಹೊಸದಾಗಿ ನೋಂದಾಯಿಸದೆ, ಅದೇ ನಿಕ್ಷಯ್ ಸಂಖ್ಯೆಯಲ್ಲಿ ವರ್ಗಾಯಿಸಿದರೆ ಮಾತ್ರ ಡೋಸ್‌ಗಳ ಮೊತ್ತ ಮುಂದುವರಿಯುತ್ತದೆ.

ಈ ಹಾಳೆಗಳಲ್ಲಿ ಹೆಸರು, ಮನೆ, ದೂರವಾಣಿ ಇರುವುದಿಲ್ಲ. ಸಂಖ್ಯೆಗೂ ಹೆಸರಿಗೂ ನಂಟು ತೋರಿಸುವ ಪಟ್ಟಿ ಆರೋಗ್ಯ ಕೇಂದ್ರದಲ್ಲಿಯೇ ಉಳಿಯುತ್ತದೆ. ಸದಸ್ಯರು ಹೆಸರುಗಳನ್ನು ಕೇಳತಕ್ಕದ್ದಲ್ಲ. ಕಡತವು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗತಕ್ಕದ್ದಲ್ಲ. ಮೂರು ನಾಲ್ಕು ರೋಗಿಗಳಿರುವ ಊರಿನಲ್ಲಿ ವಯಸ್ಸು ಮತ್ತು ಓಣಿ ಹೇಳಿದರೂ ಹೆಸರು ಹೇಳಿದಂತೆಯೇ.

ಮಾಸಿಕ ಸಭೆಯಲ್ಲಿ ಹಿರಿಯ ಚಿಕಿತ್ಸಾ ಮೇಲ್ವಿಚಾರಕರನ್ನಾಗಲಿ ಸಮುದಾಯ ಆರೋಗ್ಯಾಧಿಕಾರಿಯನ್ನಾಗಲಿ ಕೇಳಬಹುದಾದದ್ದು ಮೊತ್ತಗಳನ್ನು. ಕಳೆದ ತಿಂಗಳು ಖಾಲಿ ಉಳಿದ ಚೌಕಗಳೆಷ್ಟು, ಅವುಗಳಲ್ಲಿ ಎಷ್ಟನ್ನು ಮನೆಗೆ ಹೋಗಿ ಮಾತ್ರೆ ಎಣಿಸಿ ಇತ್ಯರ್ಥಪಡಿಸಲಾಯಿತು? 56 ಡೋಸ್ ಮುಗಿಸಿದವರೆಷ್ಟು, ಅವರಲ್ಲಿ ಎಷ್ಟು ಮಂದಿಯ ಕಫ ಪರೀಕ್ಷೆಯ ಎದುರು ಇನ್ನೂ ND ಇದೆ? ಖಾಲಿ ಚೌಕಗಳು ತಿಂಗಳುಗಟ್ಟಲೆ ಸೊನ್ನೆಯೇ ಆಗಿದ್ದರೆ, ಒಂದೆರಡು ಕಾರ್ಡುಗಳನ್ನು ಹಾಳೆಯ ಪಕ್ಕದಲ್ಲಿಟ್ಟು ತಾಳೆ ನೋಡುವಂತೆ ವೈದ್ಯಾಧಿಕಾರಿಯನ್ನು ಕೋರಬಹುದು.