ಉದ್ದ ಹೆಸರು, ಒಂದೇ ಸಹಿ

ತಮ್ಮಾ, ಬ್ಯಾಂಕಿನ ಫಾರಂ ಕೈಯಲ್ಲಿ ಹಿಡಿದು ನಿಂತಿದ್ದೀಯ. ಅದರ ಕೆಳಗಿನ ಸಣ್ಣ ಚೌಕದಲ್ಲಿ ಸಹಿ ಮಾಡುವ ಮೊದಲು ಒಂದು ಖಾಲಿ ಹಾಳೆ ತಗೊಂಡು ಕೂಡು. ಇವತ್ತು ಆ ಚೌಕದಲ್ಲಿ ಏನು ಬರೀತೀಯೋ ಅದನ್ನೇ ಬ್ಯಾಂಕು ನಿನ್ನ ಮಾದರಿ ಸಹಿಯೆಂದು ಇಟ್ಟುಕೊಳ್ಳುತ್ತದೆ. ಇಪ್ಪತ್ತು ವರ್ಷ ಬಿಟ್ಟು ನೀನು ಬರೆದ ಚೆಕ್ಕನ್ನೂ ಅದರ ಪಕ್ಕದಲ್ಲಿಟ್ಟೇ ನೋಡುತ್ತಾರೆ.

ನಮ್ಮ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹೆಸರುಗಳೇ ಉದ್ದ. ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಒಬ್ಬ ಹುಡುಗನ ಹೆಸರು ಚನ್ನಬಸವನಗೌಡ ಶಂಕರಗೌಡ ಪಾಟೀಲ ಅಂದುಕೋ. ಇಂಗ್ಲಿಷ್‌ನಲ್ಲಿ ಬರೆದರೆ ಅದು 37 ಅಕ್ಷರ. ಹದಿನೆಂಟರ ಹುರುಪಿನಲ್ಲಿ ಅವನು ಪೂರ್ತಿ ಹೆಸರನ್ನೇ ಸಹಿ ಮಾಡಿಬಿಡುತ್ತಾನೆ. ಮನೆಯಲ್ಲಿ ಮೇಜಿನ ಮುಂದೆ ಕೂತು ಬರೆಯುವಾಗ ಅದು ಚೆನ್ನಾಗಿಯೇ ಬರುತ್ತದೆ. ಮುಂದೆ ಅವನು ಹೊಲ ಖರೀದಿಗೆ ಸಬ್ ರಜಿಸ್ಟ್ರಾರ್ ಕಚೇರಿಗೆ ಹೋಗುತ್ತಾನೆ, ಇಲ್ಲವೇ ಸಾಲದ ಕಾಗದ ಮಾಡಿಸುತ್ತಾನೆ. ಅಲ್ಲಿ ಪ್ರತಿ ಹಾಳೆಗೂ ಸಹಿ ಬೇಕು. ಮೂರನೇ ಹಾಳೆಗೆ ಕೈ ಅವಸರ ಮಾಡುತ್ತದೆ, ಏಳನೆಯದಕ್ಕೆ ನಡುವಿನ ‘ಬಸವನ’ ಒಂದು ಅಲೆಗೆರೆಯಾಗುತ್ತದೆ, ಕೊನೆಯ ಹಾಳೆಯಲ್ಲಿ ಬರೀ ಸಿ ಮತ್ತು ಪಾಟೀಲ ಉಳಿದಿರುತ್ತವೆ. ಒಂದೇ ಪತ್ರದೊಳಗೆ ಮೂರು ಬಗೆಯ ಸಹಿ. ಮುಂದೆ ಯಾರಾದರೂ ತಕರಾರು ತೆಗೆದರೆ ವಕೀಲರು ಮೊದಲು ಬೆರಳಿಡುವುದು ಅಲ್ಲೇ.

ಅಚ್ಚಾದ ಹೆಸರಿನ ಪ್ರತಿ ಅಕ್ಷರವೂ ಸಹಿಯಲ್ಲಿ ಇರಬೇಕೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೇನೂ ಇಲ್ಲ. ಪಾಸ್‌ಬುಕ್ಕು, ಪ್ಯಾನ್, ಆಧಾರ್‌ಗಳಲ್ಲಿ ಹೆಸರಿನ ಕಾಗುಣಿತ ಒಂದಕ್ಕೊಂದು ತಾಳೆಯಾಗಬೇಕು. ಸಹಿ ತಾಳೆಯಾಗಬೇಕಾದ್ದು ಬ್ಯಾಂಕಿನಲ್ಲಿರುವ ಮಾದರಿ ಸಹಿಗೆ. ಈ ಎರಡನ್ನೂ ಕಲಸಿಕೊಂಡರೇ ತೊಂದರೆ. ‘ಹೆಸರಿನಂತೆ ಸಹಿ ಮಾಡಿ’ ಎಂದು ಯಾರಾದರೂ ಒತ್ತಾಯಿಸಿದರೆ ಸಹಿಯನ್ನು ಹಿಗ್ಗಿಸಲು ಹೋಗಬೇಡ. ದಿನದ ಸಹಿಯನ್ನೇ ಮಾಡಿ, ಅದರ ಕೆಳಗೆ ಕಂಸದಲ್ಲಿ ಪೂರ್ತಿ ಹೆಸರನ್ನು ಪಾಸ್‌ಬುಕ್ಕಿನಲ್ಲಿ ಇರುವ ಕಾಗುಣಿತದಲ್ಲೇ ಬಿಡಿ ಅಕ್ಷರಗಳಲ್ಲಿ ಬರಿ. ಉತಾರದಲ್ಲಿ ‘ಚನ್ನಬಸನಗೌಡ’ ಎಂದೂ ಪ್ಯಾನ್‌ನಲ್ಲಿ ಬೇರೆ ಥರವೂ ಇದ್ದರೆ, ಇಬ್ಬರೂ ಒಬ್ಬನೇ ಎಂದು ಬಾಂಡ್ ಪೇಪರಿನ ಮೇಲೆ ನೋಟರಿಯವರ ಮುಂದೆ ಪ್ರಮಾಣಪತ್ರ ಮಾಡಿಸುವ ರೂಢಿಯಿದೆ. ಅದು ಹೆಸರಿನ ಗೊಂದಲಕ್ಕೆ ಮದ್ದು, ಸಹಿಯ ಗೊಂದಲಕ್ಕೆ ಅಲ್ಲ.

ಹಾಗಾದರೆ ಸಹಿ ಹೇಗಿರಬೇಕು? ಆ ಹುಡುಗನಿಗೆ ‘ಚ. ಶಂ. ಪಾಟೀಲ’ ಸಾಕು. ಕನ್ನಡದಲ್ಲೇ ಮಾಡಲಿ, ಬ್ಯಾಂಕು ಬೇಡ ಅನ್ನುವಂತಿಲ್ಲ. ಚೆಕ್ಕನ್ನೇ ಕನ್ನಡದಲ್ಲಿ ಬರೆಯಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಟ್ಟಿದೆ. ಇಂಗ್ಲಿಷ್‌ನಲ್ಲಿರುವ ವಿಮೆಯ ಅಥವಾ ಸಾಲದ ಕಾಗದಕ್ಕೆ ಕನ್ನಡದಲ್ಲಿ ಸಹಿ ಮಾಡಿದರೆ, ‘ಒಳಗಿನ ವಿಷಯ ಓದಿ ತಿಳಿಸಲಾಗಿದೆ’ ಎಂಬ ಇನ್ನೊಂದು ಹೇಳಿಕೆ ಕೇಳಬಹುದು. ನಿಜವಾಗಿ ತಿಳಿಸಿದ ಮೇಲೆಯೇ ಅದಕ್ಕೆ ಸಹಿ ಹಾಕು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಮಾತ್ರ ಬೇಡ.

ಬರೀ ಎರಡು ಸೊಟ್ಟ ಗೆರೆಯ ಸಹಿಯೂ ಬೇಡ, ಅದನ್ನು ಯಾರು ಬೇಕಾದರೂ ಹಾಕಿಬಿಡುತ್ತಾರೆ. ಹೂವು ಬಳ್ಳಿ ಬಿಡಿಸಿದಂಥ ಸಹಿಯನ್ನು ನೀನೇ ಎರಡನೇ ಸಲ ಹಾಗೆಯೇ ಬರೆಯಲಾರೆ. ಎಲ್ಲಿ ಶುರು, ಎಲ್ಲಿ ಪೆನ್ನು ಎತ್ತುವುದು, ಕೊನೆಯ ಗೆರೆ ಯಾವ ಕಡೆಗೆ ಎಂಬುದು ಕೈಗೆ ತಾನಾಗಿಯೇ ಗೊತ್ತಿರಬೇಕು. ಕೌಂಟರಿನಲ್ಲಿ ಕೂತು ತಾಳೆ ನೋಡುವವರ ಕಣ್ಣು ಹೋಗುವುದೂ ಅಲ್ಲಿಗೇ: ಮೊದಲ ಅಕ್ಷರದ ಬಾಗು, ಅಕ್ಷರಗಳ ಜೋಡಣೆ, ಅಡಿಗೆರೆ ಇದೆಯೋ ಇಲ್ಲವೋ. ಸಣ್ಣ ಪುಟ್ಟ ಏರಿಳಿತವನ್ನು ಅವರು ಬಿಟ್ಟುಬಿಡುತ್ತಾರೆ. ಒಂದು ಅಕ್ಷರವೇ ಮಾಯವಾದರೆ ಬಿಡುವುದಿಲ್ಲ. ಇವತ್ತು ಹತ್ತು ಸಲ ಬರೆದಿಡು, ನಾಳೆ ನಿಂತುಕೊಂಡು, ಬೆರಳಗಲದ ಚೌಕದೊಳಗೆ ಮತ್ತೆ ಬರಿ. ಎರಡೂ ಒಂದೇ ಥರ ಬಂದರೆ ಆಮೇಲೆ ಫಾರಂ ಮುಟ್ಟು.

ತಂಗೀ, ನಿನಗೆ ಇನ್ನೊಂದು ಮಾತಿದೆ. ಮದುವೆಯಾದ ಮೇಲೆ ನಮ್ಮ ಕಡೆ ಹೆಣ್ಣುಮಕ್ಕಳ ಹೆಸರಿನಲ್ಲಿ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಸಹಿಯಲ್ಲಿ ಇವನ್ನೆಲ್ಲ ಸೇರಿಸಿಕೊಂಡವಳು ಆಮೇಲೆ ಖಾತೆ ಖಾತೆಗೂ ತಿರುಗಬೇಕಾಗುತ್ತದೆ. ನಿನ್ನ ಸ್ವಂತ ಹೆಸರೊಂದನ್ನೇ ಸಹಿ ಮಾಡು. ‘ಅನ್ನಪೂರ್ಣ’ ಎಂದಷ್ಟೇ ಸಹಿ ಮಾಡುವವಳ ಅಚ್ಚಿನ ಹೆಸರು ಬದಲಾದರೂ ಸಹಿ ಮೊದಲಿನಂತೆಯೇ ಇರುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಎಂದು ನೀವು ಕೇಳಬಹುದು. ಹಿಂದೆ ಇಷ್ಟು ಬೇಕಿರಲಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅಂಥ ಊರ ಸಂಘದಲ್ಲಿ ಸಾಲ ಕೊಡುವವರಿಗೂ ಪಡೆಯುವವರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿತ್ತು. ಸಹಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತಿತ್ತು. ಈಗ ಮುಂಡರಗಿಯ ರೈತ ಗದಗಿನ ಟ್ರ್ಯಾಕ್ಟರ್ ಅಂಗಡಿಗೆ ಚೆಕ್ ಕೊಟ್ಟರೆ, ಅದು ಅಂಗಡಿಯವರ ಬ್ಯಾಂಕಿನಲ್ಲೇ ಉಳಿಯುತ್ತದೆ. ರೈತನ ಬ್ಯಾಂಕಿಗೆ ಹೋಗುವುದು ಅದರ ಚಿತ್ರ ಮಾತ್ರ. ಆ ಚಿತ್ರವನ್ನು ಯಾವುದೋ ದೂರದ ಊರಲ್ಲಿ, ರೈತನ ಮುಖ ನೋಡದವರೊಬ್ಬರು ಮಾದರಿ ಸಹಿಯ ಪಕ್ಕದಲ್ಲಿಟ್ಟು ನೋಡಬಹುದು. ತಾಳೆಯಾಗದಿದ್ದರೆ ಖಾತೆಯಲ್ಲಿ ದುಡ್ಡಿದ್ದರೂ ಚೆಕ್ ವಾಪಸ್.

ಹಾಗೆ ವಾಪಸ್ ಬಂದದ್ದು ಸಣ್ಣ ಸಂಗತಿಯಲ್ಲ. ಸಹಿ ತಾಳೆಯಾಗದೆ ಹಿಂತಿರುಗಿದ ಚೆಕ್ಕಿಗೂ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಂ ಅನ್ವಯಿಸಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಲಕ್ಷ್ಮಿ ಡೈಕೆಮ್ ಪ್ರಕರಣದಲ್ಲಿ ಹೇಳಿದೆ. ಬೇಕೆಂದೇ ಬೇರೆ ಸಹಿ ಮಾಡಿ ತಪ್ಪಿಸಿಕೊಳ್ಳುವವರ ದಾರಿ ಅದರಿಂದ ಮುಚ್ಚಿತು. ನಿನ್ನ ಚೆಕ್ ಹಾಗೆ ಹಿಂತಿರುಗಿ ನೋಟಿಸ್ ಬಂದರೆ, ಅದು ಕೈಸೇರಿದ 15 ದಿನಗಳೊಳಗೆ ಹಣ ಕೊಟ್ಟುಬಿಡು. ‘ಸಹಿಯದಷ್ಟೇ ಸಮಸ್ಯೆ, ದುಡ್ಡಿತ್ತಲ್ಲ’ ಎಂದು ಸುಮ್ಮನೆ ಕೂರಬೇಡ.

ಸಹಿ ಈಗಾಗಲೇ ಜಾರಿದ್ದರೆ, ಹಳೆಯದನ್ನು ನೆನಪಿಸಿಕೊಂಡು ನಕಲು ಮಾಡುವ ಹಾದಿ ಹಿಡಿಯಬೇಡ. ತನ್ನದೇ ಸಹಿಯನ್ನು ನೋಡಿ ನೋಡಿ ಬರೆದರೂ ಗೆರೆ ನಡುಗುತ್ತದೆ, ಕಳ್ಳಸಹಿಯಂತೆ ಕಾಣುತ್ತದೆ. ಖಾತೆ ಇರುವ ಶಾಖೆಗೆ ಪಾಸ್‌ಬುಕ್ಕು, ಆಧಾರ್, ಪ್ಯಾನ್ ತಗೊಂಡು ಖುದ್ದು ಹೋಗು, ಸಹಿ ಬದಲಾವಣೆಗೆ ಅರ್ಜಿ ಬರೆದುಕೊಡು, ಅಧಿಕಾರಿಯ ಎದುರಿಗೇ ಹೊಸ ಮಾದರಿ ಸಹಿ ಮಾಡು. ಹೋಗುವ ಮೊದಲು ಒಂದು ಲೆಕ್ಕ ನೋಡಿಕೋ: ಯಾರಿಗಾದರೂ ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದೀಯಾ? ಹೊಸ ಸಹಿ ಕಂಪ್ಯೂಟರಿಗೆ ಏರಿದ ಮೇಲೆ ಹಳೇ ಸಹಿಯ ಆ ಚೆಕ್ಕುಗಳು ಒಂದೊಂದಾಗಿ ವಾಪಸ್ ಬರತೊಡಗುತ್ತವೆ. ಅವು ಪಾಸಾಗುವವರೆಗೆ ಕಾಯಿ, ಇಲ್ಲವೇ ಅವನ್ನು ಹಿಂದಕ್ಕೆ ಪಡೆದು ಹೊಸ ಸಹಿಯ ಚೆಕ್ ಕೊಡು. ಹಳೆಯ ಖರೀದಿ ಪತ್ರಗಳನ್ನೂ ಮುಗಿದ ಚೆಕ್‌ಪುಸ್ತಕದ ಅಡಿಚೀಟಿಗಳನ್ನೂ ಎಸೆಯಬೇಡ. ಸಹಿಯ ಜಗಳ ಕೋರ್ಟಿಗೆ ಹೋದರೆ ಆಯಾ ಕಾಲದ, ಒಪ್ಪಿಕೊಂಡ ಸಹಿಗಳ ಜೊತೆಗೇ ಹೋಲಿಸಿ ನೋಡುತ್ತಾರೆ.

ಮನೆಯಲ್ಲಿ ಅಪ್ಪನ ಕೈ ನಡುಗುತ್ತಿದ್ದರೆ ಅವರ ಬದಲು ನೀನು ಸಹಿ ಹಾಕಿಬಿಡಬೇಡ, ಅದು ಅಪರಾಧ. ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು. ಅದನ್ನು ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಅಪ್ಪನಿಗೆ ಬ್ಯಾಂಕಿಗೆ ಬರಲೂ ಆಗದಿದ್ದರೆ, ಶಾಖೆಯ ಮ್ಯಾನೇಜರರನ್ನು ಕಂಡು ಮೊದಲೇ ತಿಳಿಸು.